ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗಿನ 90 ದಿನಗಳ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ದೇಶಗಳಿಗೆ ಹೋಗುವ ತಂದೆತಾಯಿಯರಿಗೆ ಮೊದಲ ಪ್ರಯಾಣದಲ್ಲಿ ದಿನಗಳ ಲೆಕ್ಕ ತೊಡಕಾಗುವುದಿಲ್ಲ. ವೀಸಾದ ಮೇಲೆ 90 ದಿನ ಎಂದಿರುತ್ತದೆ, ಅಷ್ಟರೊಳಗೆ ಮರಳಿ ಬರುತ್ತಾರೆ. ತೊಡಕು ಶುರುವಾಗುವುದು ಎರಡನೆಯ ಸಲ ಟಿಕೆಟ್ ತೆಗೆಸುವಾಗ. ಹಿಂದೆ ಇದ್ದು ಬಂದ ದಿನಗಳಲ್ಲಿ ಎಷ್ಟು ಇನ್ನೂ ಲೆಕ್ಕದಲ್ಲಿವೆ, ಎಷ್ಟು ಬಿಟ್ಟುಹೋಗಿವೆ ಎಂಬ ಪ್ರಶ್ನೆಗೆ ಊರಿನಲ್ಲಿ ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತವೆ. ಈ ಪುಟವನ್ನು ಎರಡನೆಯ ಪ್ರಯಾಣಕ್ಕೆ ಸಿದ್ಧರಾಗುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಲಾಗಿದೆ.

ನಿಯಮ ನಿಖರವಾಗಿ ಏನು ಹೇಳುತ್ತದೆ?

ಅಲ್ಪಾವಧಿಯ ವೀಸಾದ ಮೇಲೆ ಬಂದ ವ್ಯಕ್ತಿಯು ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಷೆಂಗೆನ್ ಪ್ರದೇಶದಲ್ಲಿ, ಅಂದರೆ ಒಂದೇ ವೀಸಾದ ಮೇಲೆ ಓಡಾಡಬಹುದಾದ ಯುರೋಪಿನ ದೇಶಗಳಲ್ಲಿ, ಇರುವಂತಿಲ್ಲ, ಮತ್ತು ಅಲ್ಲಿ ಕಳೆಯುವ ಪ್ರತಿಯೊಂದು ದಿನದಂದೂ ಆ ದಿನವನ್ನು ಕೊನೆಯದಾಗಿ ಇಟ್ಟುಕೊಂಡು ಹಿಂದಕ್ಕೆ 180 ದಿನಗಳನ್ನು ನೋಡಬೇಕು ಎಂದು ಷೆಂಗೆನ್ ಗಡಿ ಸಂಹಿತೆಯ 6ನೇ ವಿಧಿ ಹೇಳುತ್ತದೆ. ಇದರಲ್ಲಿ ಎಲ್ಲರ ಕಣ್ಣು 90 ಮತ್ತು 180 ಎಂಬ ಅಂಕೆಗಳ ಮೇಲೆ ನಿಲ್ಲುತ್ತದೆ. ನಿಜವಾಗಿ ಗಮನಿಸಬೇಕಾದದ್ದು 'ಯಾವುದೇ' ಮತ್ತು 'ಪ್ರತಿಯೊಂದು ದಿನದಂದೂ' ಎಂಬ ಮಾತುಗಳನ್ನು. 180 ದಿನಗಳ ಈ ಅವಧಿಯು ಜನವರಿಯಲ್ಲಿ ಶುರುವಾಗಿ ಜೂನ್‌ನಲ್ಲಿ ಮುಗಿಯುವಂಥದ್ದಲ್ಲ, ವೀಸಾ ಕೊಟ್ಟ ದಿನದಿಂದ ಶುರುವಾಗುವಂಥದ್ದೂ ಅಲ್ಲ. ಅದು ನಿಮ್ಮ ಜೊತೆಯಲ್ಲೇ ದಿನಕ್ಕೊಂದು ದಿನದಂತೆ ಮುಂದೆ ಸರಿಯುತ್ತದೆ. ಇವತ್ತಿನ ದಿನ ಒಳಗೆ ಬಂದಾಗ 180 ದಿನಗಳ ಹಿಂದಿನ ದಿನವೊಂದು ಹಿಂಬದಿಯಿಂದ ಹೊರಗೆ ಹೋಗುತ್ತದೆ.

ಮೊದಲ ಸಲ ಕಾಲಿಟ್ಟ ದಿನದಿಂದ ಆರು ತಿಂಗಳು ಎಣಿಸಬೇಕು ಎಂದು ಪರಿಚಯದವರು ಹೇಳುತ್ತಾರೆ. ಅದು ತಪ್ಪೇ?

ಅವರು ಸುಳ್ಳು ಹೇಳುತ್ತಿಲ್ಲ, ಹಳೆಯ ನಿಯಮವನ್ನು ಹೇಳುತ್ತಿದ್ದಾರೆ. ಮೊದಲ ಪ್ರವೇಶದ ದಿನದಿಂದ ಆರು ತಿಂಗಳುಗಳಲ್ಲಿ ಮೂರು ತಿಂಗಳು ಎಂಬ ಕ್ರಮ ಹಿಂದೆ ಇತ್ತು. 2013ರ ಅಕ್ಟೋಬರ್ 18ರಿಂದ ಅದನ್ನು ಕೈಬಿಟ್ಟು, ಈಗಿನ ಸರಿಯುವ ಅವಧಿಯ ಕ್ರಮವನ್ನು ತರಲಾಯಿತು. ತಿಂಗಳುಗಳ ಲೆಕ್ಕವೂ ಆಗಲೇ ಹೋಯಿತು. ಮೂರು ತಿಂಗಳೆಂದರೆ ಕೆಲವೊಮ್ಮೆ 92 ದಿನಗಳೂ ಆಗುವುದರಿಂದ, ತಾರೀಖಿನಿಂದ ತಾರೀಖಿಗೆ ಮೂರು ತಿಂಗಳು ಹಿಡಿದು ಟಿಕೆಟ್ ತೆಗೆಸಿದವರು ತಮಗೆ ಅರಿವಿಲ್ಲದೆಯೇ ಮಿತಿ ಮೀರುತ್ತಾರೆ.

ಹೊರಟ ದಿನ, ತಲುಪಿದ ದಿನ, ಮರಳಿದ ದಿನ: ಇವುಗಳಲ್ಲಿ ಯಾವುವು ಲೆಕ್ಕಕ್ಕೆ ಬರುತ್ತವೆ?

ಷೆಂಗೆನ್ ಗಡಿಯಲ್ಲಿ ಒಳಗೆ ಹೋದ ದಿನವೂ ಹೊರಗೆ ಬಂದ ದಿನವೂ ತಲಾ ಒಂದು ಪೂರ್ಣ ದಿನವಾಗಿ ಲೆಕ್ಕಕ್ಕೆ ಸೇರುತ್ತವೆ. ರಾತ್ರಿ ಹನ್ನೊಂದೂವರೆಗೆ ಗಡಿ ದಾಟಿ ಒಳಗೆ ಹೋದರೂ ಅದು ಒಂದು ದಿನವೇ. ಆದರೆ ಎಣಿಸಬೇಕಾದದ್ದು ಗಡಿ ದಾಟಿದ ತಾರೀಖನ್ನು, ಟಿಕೆಟ್ ಮೇಲೆ ಇರುವ ಹೊರಡುವ ತಾರೀಖನ್ನಲ್ಲ. ನಮ್ಮ ಕಡೆಯವರು ಸಾಮಾನ್ಯವಾಗಿ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಿಂದ ಹೊರಡುತ್ತಾರೆ. 11ನೇ ತಾರೀಖಿನ ಸಂಜೆ ಕಲಬುರಗಿಯ ಮನೆ ಬಿಟ್ಟು, ನಡುರಾತ್ರಿ ದಾಟಿದ ಮೇಲೆ ವಿಮಾನ ಹತ್ತಿ, 12ರ ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಲೆಕ್ಕ ಶುರುವಾಗುವುದು 12ರಿಂದ. ಹಾಗೆಯೇ ಮರಳುವಾಗ 10ನೇ ತಾರೀಖಿನ ರಾತ್ರಿ ಫ್ರಾಂಕ್‌ಫರ್ಟ್‌ನಲ್ಲಿ ನಿರ್ಗಮನದ ತಪಾಸಣೆ ಮುಗಿಸಿ ವಿಮಾನ ಹತ್ತಿದರೆ ಲೆಕ್ಕ 10ಕ್ಕೆ ಮುಗಿಯುತ್ತದೆ. 11ರಂದು ಹೈದರಾಬಾದಿನಲ್ಲಿ ಇಳಿದದ್ದು ಅದಕ್ಕೆ ಸಂಬಂಧಿಸಿದ್ದಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮರಳುವ ವಿಮಾನ ರಾತ್ರಿ 12 ಗಂಟೆಯ ಆಸುಪಾಸಿನಲ್ಲಿದ್ದು, ಆ ದಿನವೇ ನಿಮ್ಮ 90ನೇ ದಿನವಾಗಿದ್ದರೆ, ತಡವಾಗಿ ನಿರ್ಗಮನ ತಪಾಸಣೆಗೆ ಹೋದಾಗ ತಾರೀಖು ಬದಲಾಗಿ 91 ಆಗಬಹುದು. ಅಂಥ ವಿಮಾನದ ಟಿಕೆಟನ್ನು 90ನೇ ದಿನಕ್ಕೆ ತೆಗೆಸಲೇಬಾರದು.

ಕೈಯಲ್ಲಿ ಲೆಕ್ಕ ಮಾಡುವುದು ಹೇಗೆ?

ತಾರೀಖುಗಳನ್ನು ವರ್ಷದ ಎಷ್ಟನೆಯ ದಿನ ಎಂಬ ಸಂಖ್ಯೆಗೆ ಬದಲಾಯಿಸಿಕೊಂಡರೆ ಉಳಿದದ್ದು ಬರಿಯ ಕೂಡುವುದು ಕಳೆಯುವುದು. ಅಧಿಕ ವರ್ಷವಲ್ಲದ ವರ್ಷದಲ್ಲಿ ಜನವರಿ ಮುಗಿದಾಗ 31 ದಿನಗಳು, ಫೆಬ್ರವರಿಗೆ 59, ಮಾರ್ಚ್‌ಗೆ 90, ಏಪ್ರಿಲ್‌ಗೆ 120, ಮೇಗೆ 151, ಜೂನ್‌ಗೆ 181, ಜುಲೈಗೆ 212, ಆಗಸ್ಟ್‌ಗೆ 243, ಸೆಪ್ಟೆಂಬರ್‌ಗೆ 273, ಅಕ್ಟೋಬರ್‌ಗೆ 304, ನವೆಂಬರ್‌ಗೆ 334 ದಿನಗಳು ಮುಗಿದಿರುತ್ತವೆ. ಹಾಗಾಗಿ ಮಾರ್ಚ್ 12 ಎಂದರೆ 59ಕ್ಕೆ 12 ಕೂಡಿ 71ನೇ ದಿನ. ಮೇ 10 ಎಂದರೆ 120ಕ್ಕೆ 10 ಕೂಡಿ 130ನೇ ದಿನ. ಮುಂದಿನ ವರ್ಷಕ್ಕೆ ಹೋದರೆ 365 ಸೇರಿಸಿಕೊಳ್ಳಬೇಕು.

ಇನ್ನು ಎರಡೇ ಸೂತ್ರಗಳು. ಒಂದು ಪ್ರಯಾಣದ ದಿನಗಳು ಬೇಕಿದ್ದರೆ ನಿರ್ಗಮನದ ಸಂಖ್ಯೆಯಿಂದ ಪ್ರವೇಶದ ಸಂಖ್ಯೆಯನ್ನು ಕಳೆದು ಒಂದನ್ನು ಕೂಡಿಸಬೇಕು, ಏಕೆಂದರೆ ಎರಡೂ ತುದಿಯ ದಿನಗಳು ಲೆಕ್ಕಕ್ಕೆ ಬರುತ್ತವೆ. ಅವಧಿಯ ಮೊದಲ ದಿನ ಬೇಕಿದ್ದರೆ ಪರೀಕ್ಷಿಸುವ ದಿನದ ಸಂಖ್ಯೆಯಿಂದ 179 ಕಳೆಯಬೇಕು. ಇಲ್ಲಿ 180 ಕಳೆಯುವುದು ಬಹಳ ಜನ ಮಾಡುವ ತಪ್ಪು. ಹಾಗೆ ಮಾಡಿದರೆ ಪರೀಕ್ಷಿಸುವ ದಿನವೂ ಸೇರಿ ಅವಧಿ 181 ದಿನಗಳಾಗುತ್ತದೆ. ಇದನ್ನೇ ತಿರುಗಿಸಿ ಹೇಳಿದರೆ, ನೀವು ಅಲ್ಲಿ ಕಳೆದ ದಿನವೊಂದು ಅದರ ಸಂಖ್ಯೆಗೆ 180 ಕೂಡಿಸಿದಾಗ ಬರುವ ದಿನದಂದು ಲೆಕ್ಕದಿಂದ ಬಿಟ್ಟುಹೋಗುತ್ತದೆ. 71ನೇ ದಿನವಾದ ಮಾರ್ಚ್ 12 ಬಿಟ್ಟುಹೋಗುವುದು 251ನೇ ದಿನ, ಅಂದರೆ ಸೆಪ್ಟೆಂಬರ್ 8ರಂದು.

ಒಂದು ನಿಜವಾದ ಪ್ರಯಾಣದಂತೆ ಬಿಡಿಸಿ ತೋರಿಸಬಹುದೇ?

ಕಲಬುರಗಿಯ ನಿವೃತ್ತ ಶಿಕ್ಷಕರೊಬ್ಬರು ಮತ್ತು ಅವರ ಪತ್ನಿಯನ್ನು ಊಹಿಸಿಕೊಳ್ಳಿ. ಮಗಳು ಅಳಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ತಂದೆತಾಯಿಯರ ಬಳಿ ಎರಡು ವರ್ಷಗಳ, ಎಷ್ಟು ಸಲವಾದರೂ ಹೋಗಿಬರಬಹುದಾದ ವೀಸಾ ಇದೆ. 2026ರಲ್ಲಿ ಶರಣಬಸವೇಶ್ವರರ ತೇರು ನೋಡಿಕೊಂಡು ಬಾಣಂತನಕ್ಕೆ ಹೊರಟವರು ಮಾರ್ಚ್ 12ರಂದು ಫ್ರಾಂಕ್‌ಫರ್ಟ್‌ನಲ್ಲಿ ಒಳಗೆ ಹೋಗಿ, ಮೇ 10ರಂದು ಹೊರಬಂದರು. 130ರಲ್ಲಿ 71 ಕಳೆದು 1 ಕೂಡಿದರೆ 60 ದಿನಗಳು.

ಮಗಳು ಆಗಸ್ಟ್‌ನಲ್ಲಿ ಮತ್ತೆ ಕರೆಯುತ್ತಾಳೆ. ಆಗಸ್ಟ್ 20ಕ್ಕೆ ಹೋದರೆ ಎಷ್ಟು ದಿನ ಇರಬಹುದು ಎಂಬುದು ಪ್ರಶ್ನೆ. ಆಗಸ್ಟ್ 20 ಎಂದರೆ 232ನೇ ದಿನ. 179 ಕಳೆದರೆ 53, ಅಂದರೆ ಫೆಬ್ರವರಿ 22. ಆ ದಿನದಿಂದ ನೋಡಿದರೆ ಮೊದಲ ಪ್ರಯಾಣದ 60 ದಿನಗಳೂ ಅವಧಿಯೊಳಗೇ ಇವೆ. ಇಲ್ಲಿಗೆ ನಿಲ್ಲಿಸಿ 90ರಲ್ಲಿ 60 ಕಳೆದು 30 ದಿನ ಎಂದು ತೀರ್ಮಾನಿಸುವುದೇ ಸಾಮಾನ್ಯ. ಆದರೆ ಆ 30 ಎಂಬುದು ಒಳಗೆ ಹೋದ ದಿನದ ಚಿತ್ರ ಮಾತ್ರ. ಅವರು ಅಲ್ಲಿರುವಾಗಲೇ ಹಳೆಯ ದಿನಗಳು ಹಿಂದಿನಿಂದ ಬಿಟ್ಟುಹೋಗಲು ಶುರುವಾಗುತ್ತವೆ.

ಸೆಪ್ಟೆಂಬರ್ 7ರವರೆಗೆ ಹಳೆಯ ಒಂದು ದಿನವೂ ಬಿಟ್ಟುಹೋಗುವುದಿಲ್ಲ. ಅಂದಿಗೆ ಎರಡನೆಯ ಪ್ರಯಾಣದ 19 ದಿನಗಳು ಮತ್ತು ಹಳೆಯ 60 ದಿನಗಳು ಸೇರಿ 79. ಸೆಪ್ಟೆಂಬರ್ 8ರಂದು ಹೊಸದೊಂದು ದಿನ ಸೇರುತ್ತದೆ, ಮಾರ್ಚ್ 12 ಬಿಟ್ಟುಹೋಗುತ್ತದೆ. ಮೊತ್ತ 79 ಆಗಿಯೇ ಉಳಿಯುತ್ತದೆ. 9ರಂದು ಮಾರ್ಚ್ 13 ಹೋಗುತ್ತದೆ, ಆಗಲೂ 79. ಹೀಗೆ ಒಂದು ಬಂದಂತೆ ಒಂದು ಹೋಗುತ್ತ ನವೆಂಬರ್ 6ರವರೆಗೂ ಮೊತ್ತ ಅಲುಗುವುದಿಲ್ಲ, ಏಕೆಂದರೆ ಮೊದಲ ಪ್ರಯಾಣದ ಕೊನೆಯ ದಿನವಾದ ಮೇ 10 ಬಿಟ್ಟುಹೋಗುವುದು 130ಕ್ಕೆ 180 ಕೂಡಿದ 310ನೇ ದಿನ, ಅಂದರೆ ನವೆಂಬರ್ 6ರಂದು. ಅಲ್ಲಿಂದ ಮುಂದೆ ಹೊರಗೆ ಹೋಗಲು ಹಳೆಯ ದಿನಗಳೇ ಉಳಿದಿಲ್ಲವಾದ್ದರಿಂದ ಮೊತ್ತ ಮತ್ತೆ ಏರಿ, ನವೆಂಬರ್ 17ಕ್ಕೆ 90 ಮುಟ್ಟುತ್ತದೆ. ಅಂದರೆ ಈ ದಂಪತಿ ಆಗಸ್ಟ್ 20ರಿಂದ ನವೆಂಬರ್ 17ರವರೆಗೆ ಪೂರ್ಣ 90 ದಿನಗಳು ಇರಬಹುದು. 30 ದಿನ ಎಂದು ನಂಬಿ ಸೆಪ್ಟೆಂಬರ್‌ನಲ್ಲೇ ಮರಳಿ ಬಂದಿದ್ದರೆ, ನ್ಯಾಯವಾಗಿ ತಮಗೆ ಸಲ್ಲಬೇಕಿದ್ದ 60 ದಿನಗಳನ್ನು ಮೊಮ್ಮಗುವಿನಿಂದ ದೂರ ಕಳೆಯುತ್ತಿದ್ದರು.

ಅದೇ ದಂಪತಿ ಸ್ವಲ್ಪ ಮೊದಲೇ ಹೋದರೆ?

ಈ ಪುಟದಲ್ಲಿ ಒಂದನ್ನೇ ಓದಲು ಸಮಯವಿದ್ದರೆ ಇದನ್ನು ಓದಿ. ಅವರು ಆಗಸ್ಟ್ 8ರಂದು, ಅಂದರೆ 220ನೇ ದಿನದಂದು ಒಳಗೆ ಹೋಗುತ್ತಾರೆ ಎನ್ನೋಣ. ಸೆಪ್ಟೆಂಬರ್ 6ಕ್ಕೆ ಹೊಸ ಪ್ರಯಾಣದ 30 ದಿನಗಳು ಮುಗಿದು, ಹಳೆಯ 60 ಸೇರಿ ಮೊತ್ತ 90 ಆಗುತ್ತದೆ. ಸೆಪ್ಟೆಂಬರ್ 7ರಂದು ಹಳೆಯದೇನೂ ಇನ್ನೂ ಬಿಟ್ಟುಹೋಗಿಲ್ಲ, ಹೊಸದೊಂದು ಸೇರುತ್ತದೆ, ಮೊತ್ತ 91. ಆದ್ದರಿಂದ ಅವರು ಸೆಪ್ಟೆಂಬರ್ 6ರೊಳಗೆ ಹೊರಡಲೇಬೇಕು. ಅವರಿಗೆ ದೊರೆತದ್ದು 30 ದಿನಗಳು.

ಒಂದೇ ಒಂದು ದಿನ ತಡಮಾಡಿ ಆಗಸ್ಟ್ 9ರಂದು ಒಳಗೆ ಹೋದರೆ, ಸೆಪ್ಟೆಂಬರ್ 7ಕ್ಕೆ ಮೊತ್ತ 90 ಆಗುತ್ತದೆ. ಮರುದಿನ, ಸೆಪ್ಟೆಂಬರ್ 8ರಂದು, ಮಾರ್ಚ್ 12 ಬಿಟ್ಟುಹೋಗುವುದರಿಂದ ಮೊತ್ತ 90ರಲ್ಲೇ ನಿಲ್ಲುತ್ತದೆ. ಹಾಗೆಯೇ ದಿನದಿನವೂ 90ರಲ್ಲೇ ನಿಂತು, ನವೆಂಬರ್ 6ರವರೆಗೆ ಒಮ್ಮೆಯೂ ಮಿತಿ ಮೀರುವುದಿಲ್ಲ. ಅವರಿಗೆ ದೊರೆಯುವುದು 90 ದಿನಗಳು, ಮತ್ತು ನವೆಂಬರ್ 8ರ ದೀಪಾವಳಿಗೆ ಊರಿನಲ್ಲೂ ಇರಬಹುದು.

ಒಂದು ದಿನದ ವ್ಯತ್ಯಾಸಕ್ಕೆ 60 ದಿನಗಳ ಅಂತರ ಏಕೆ ಬಂತು? ಮೇ 11ರಿಂದ ಆಗಸ್ಟ್ 8ರವರೆಗೆ ಎಣಿಸಿದರೆ ಸರಿಯಾಗಿ 90 ದಿನಗಳು. ಆಗಸ್ಟ್ 9ಕ್ಕೆ ಹೋದವರು ಅಷ್ಟೂ 90 ದಿನ ಷೆಂಗೆನ್ ಪ್ರದೇಶದ ಹೊರಗಿದ್ದರು. ಆಗಸ್ಟ್ 8ಕ್ಕೆ ಹೋದವರು 89 ದಿನ ಮಾತ್ರ ಹೊರಗಿದ್ದರು. ಬಿಡುವಿಲ್ಲದೆ 90 ದಿನ ಹೊರಗಿದ್ದು ಬಂದವರಿಗೆ ಮುಂದಿನ 90 ದಿನಗಳ ಕಾಲ ಯಾವ 180 ದಿನಗಳನ್ನು ತೆಗೆದುಕೊಂಡರೂ ಅದರಲ್ಲಿ ಹೊರಗಿದ್ದ ಈ 90 ದಿನಗಳು ಪೂರ್ತಿಯಾಗಿ ಸೇರಿರುತ್ತವೆ. ಹಾಗಾಗಿ ಒಳಗಿದ್ದ ದಿನಗಳು 90 ಮೀರಲು ಜಾಗವೇ ಇರುವುದಿಲ್ಲ. ಹಿಂದಿನ ಪ್ರಯಾಣ 60 ದಿನಗಳದ್ದಾಗಿರಲಿ 90 ದಿನಗಳದ್ದಾಗಿರಲಿ, ಈ ಮಾತು ಬದಲಾಗದು.

ಆದ್ದರಿಂದ ಎರಡನೆಯ ಸಲವೂ ದೀರ್ಘವಾಗಿ ಇರಬೇಕೆಂದಿರುವವರಿಗೆ ನನ್ನ ಸಲಹೆ ಇದು: ಮೊದಲು ಹೊರಗಿದ್ದ ದಿನಗಳನ್ನು ಎಣಿಸಿ. ನಿರ್ಗಮನದ ಮರುದಿನದಿಂದ, ಮತ್ತೆ ಪ್ರವೇಶಿಸುವ ಹಿಂದಿನ ದಿನದವರೆಗೆ 90 ತುಂಬಿದೆಯೋ ಇಲ್ಲವೋ ನೋಡಿ. ತುಂಬಿದ್ದರೆ ಬೇರೆ ಯಾವ ಲೆಕ್ಕವೂ ಬೇಕಾಗದು. ಒಂದೆರಡು ದಿನ ಕಡಿಮೆ ಬೀಳುತ್ತಿದ್ದರೆ ಪ್ರಯಾಣವನ್ನು ಮುಂದೂಡಿ. ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಮೊದಲೇ ಹೊರಡುವುದು ಇಲ್ಲಿ ಬಹಳ ದುಬಾರಿಯಾಗುತ್ತದೆ.

ಮೂರು ನಾಲ್ಕು ಸಣ್ಣ ಪ್ರಯಾಣಗಳಿದ್ದರೆ?

ಆಗ ಕೈಲೆಕ್ಕ ದಣಿಸುತ್ತದೆ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಬಳಸುವುದು ಲೇಸು. A ಕಾಲಮ್ಮಿನಲ್ಲಿ ಪ್ರವೇಶದ ತಾರೀಖುಗಳನ್ನೂ B ಕಾಲಮ್ಮಿನಲ್ಲಿ ನಿರ್ಗಮನದ ತಾರೀಖುಗಳನ್ನೂ ಎರಡನೆಯ ಸಾಲಿನಿಂದ ಬರೆಯಿರಿ. ಪರೀಕ್ಷಿಸಬೇಕಾದ ದಿನವನ್ನು E1 ಕೋಶದಲ್ಲಿ ಇಡಿ. C2 ಕೋಶದಲ್ಲಿ ಈ ಸೂತ್ರವನ್ನು ಹಾಕಿ ಕೆಳಗಿನ ಸಾಲುಗಳಿಗೂ ಎಳೆಯಿರಿ.

```
=MAX(0, MIN(B2,$E$1) - MAX(A2,$E$1-179) + 1)
```

ಒಟ್ಟು ದಿನಗಳಿಗೆ E2 ಕೋಶದಲ್ಲಿ ಇದನ್ನು ಬರೆಯಿರಿ.

```
=SUM(C2:C20)
```

ಮೇಲಿನ ದಂಪತಿಯ ತಾರೀಖುಗಳನ್ನು ಹಾಕಿ, ಎರಡನೆಯ ಪ್ರವೇಶವನ್ನು ಆಗಸ್ಟ್ 9 ಎಂದೂ ನಿರ್ಗಮನವನ್ನು ನವೆಂಬರ್ 6 ಎಂದೂ ಇಟ್ಟು, E1ರಲ್ಲಿ ಸೆಪ್ಟೆಂಬರ್ 7 ಬರೆದರೆ 60 ಮತ್ತು 30 ಸೇರಿ 90 ಬರಬೇಕು. ಸೆಪ್ಟೆಂಬರ್ 8 ಬರೆದರೆ 59 ಮತ್ತು 31 ಸೇರಿ ಮತ್ತೆ 90. ಹೀಗೆ ಬರದಿದ್ದರೆ ಶೀಟು ನಿಮ್ಮ ತಾರೀಖನ್ನು ತಿಂಗಳು ಮೊದಲು, ದಿನ ಆಮೇಲೆ ಎಂಬ ಅಮೆರಿಕದ ಕ್ರಮದಲ್ಲಿ ಓದುತ್ತಿರಬಹುದು. 08/09 ಎಂಬುದು ಆಗಸ್ಟ್ 9 ಆಯಿತೋ ಸೆಪ್ಟೆಂಬರ್ 8 ಆಯಿತೋ ಎಂದು ತಿಂಗಳ ಹೆಸರು ಕಾಣುವಂತೆ ಮಾಡಿಕೊಂಡು ಖಚಿತಪಡಿಸಿಕೊಳ್ಳಿ.

ಕೊನೆಯ ದಿನವೊಂದನ್ನೇ ಪರೀಕ್ಷಿಸಿ ಸುಮ್ಮನಾಗಬಾರದು. ಆಗಸ್ಟ್ 8ಕ್ಕೆ ಹೋದ ಪ್ರಯಾಣವನ್ನೇ ತೆಗೆದುಕೊಂಡು ನವೆಂಬರ್ 5ನ್ನು ನಿರ್ಗಮನವಾಗಿಟ್ಟು ಪರೀಕ್ಷಿಸಿದರೆ, ಅಂದು ಹಳೆಯ 1 ದಿನ ಮತ್ತು ಹೊಸ 90 ದಿನ ಸೇರಿ 91 ಎಂದು ತೋರುತ್ತದೆ. ಆದರೆ ನವೆಂಬರ್ 5ರ ಹೊತ್ತಿಗೆ ತಪ್ಪು ಎರಡು ತಿಂಗಳಷ್ಟು ಹಳೆಯದಾಗಿರುತ್ತದೆ. ಪ್ರಯಾಣದ ಪ್ರತಿ ದಿನಕ್ಕೂ E1 ಬದಲಾಯಿಸುತ್ತ ಹೋಗಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ, ಹಳೆಯ ಪ್ರಯಾಣದ ಮೊದಲ ದಿನ ಬಿಟ್ಟುಹೋಗುವ ಹಿಂದಿನ ದಿನವನ್ನೂ ನಿರ್ಗಮನದ ದಿನವನ್ನೂ ತಪ್ಪದೆ ನೋಡಬೇಕು, ಏಕೆಂದರೆ ಮೊತ್ತ ತುತ್ತತುದಿಗೆ ಏರುವುದು ಸಾಮಾನ್ಯವಾಗಿ ಅಲ್ಲಿಯೇ.

ಯುರೋಪಿಯನ್ ಆಯೋಗದ ಕ್ಯಾಲ್ಕುಲೇಟರ್ ಇದೆಯಲ್ಲ, ಅದು ಸಾಲದೇ?

ಯುರೋಪಿಯನ್ ಆಯೋಗವು ತನ್ನ ಜಾಲತಾಣದಲ್ಲಿ ಅಲ್ಪಾವಧಿ ವಾಸ್ತವ್ಯದ ಕ್ಯಾಲ್ಕುಲೇಟರನ್ನು ಇಟ್ಟಿದೆ, ಮತ್ತು ನಿಮ್ಮ ಲೆಕ್ಕವನ್ನು ಅದರೊಂದಿಗೆ ತಾಳೆ ನೋಡುವುದು ಒಳ್ಳೆಯದು. ಆದರೆ ಅದು ದಿನಗಳನ್ನು ಮಾತ್ರ ಎಣಿಸುತ್ತದೆ. ನಿಮ್ಮ ವೀಸಾ ಯಾವಾಗ ಮುಗಿಯುತ್ತದೆ, ಅದರ ಮೇಲೆ ಎಷ್ಟು ದಿನ ಬರೆದಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅದರ ಫಲಿತಾಂಶ ಒಂದು ನೆರವು ಮಾತ್ರ. ಅದನ್ನು ತೋರಿಸಿ ಹಕ್ಕು ಕೇಳಲಾಗುವುದಿಲ್ಲ. ಹಿಂದಿನ ಪ್ರಯಾಣಗಳನ್ನು ನಮೂದಿಸುವಾಗ ಒಂದನ್ನು ಬಿಟ್ಟರೂ ಉತ್ತರ ತಪ್ಪಾಗುತ್ತದೆ.

ವೀಸಾ ಚೀಟಿಯ ಮೇಲಿನ ತಾರೀಖುಗಳಿಗೂ ದಿನಗಳಿಗೂ ಏನು ಸಂಬಂಧ?

ಚೀಟಿಯ ಮೇಲೆ 'ಫ್ರಮ್' ಮತ್ತು 'ಅಂಟಿಲ್' ಎಂಬ ಎರಡು ತಾರೀಖುಗಳು ಇರುತ್ತವೆ. ಅವು ವೀಸಾ ಬಳಸಬಹುದಾದ ಕಾಲದ ಎರಡು ತುದಿಗಳು. 'ಡ್ಯುರೇಷನ್ ಆಫ್ ಸ್ಟೇ' ಎಂಬಲ್ಲಿರುವ ಸಂಖ್ಯೆ ನೀವು ಅಲ್ಲಿ ಇರಬಹುದಾದ ದಿನಗಳದ್ದು. 'ಅಂಟಿಲ್' ಎಂಬಲ್ಲಿ ಎರಡು ವರ್ಷಗಳ ಮುಂದಿನ ತಾರೀಖು ಇದೆಯೆಂದು ಎರಡು ವರ್ಷ ಇರಬಹುದು ಎಂದಲ್ಲ. ಹಾಗೆಯೇ, 90 ದಿನಗಳಲ್ಲಿ 40 ಉಳಿದಿವೆ ಎಂದು 'ಅಂಟಿಲ್' ತಾರೀಖು ದಾಟಿಯೂ ಇರುವಂತಿಲ್ಲ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು.

ಒಂದೇ ಸಲದ ಪ್ರವೇಶಕ್ಕೆ ಕೊಟ್ಟ ವೀಸಾದಲ್ಲಿ ಎರಡು ತಾರೀಖುಗಳ ನಡುವಿನ ಅಂತರವು ದಿನಗಳ ಸಂಖ್ಯೆಗಿಂತ 15 ಹೆಚ್ಚಿರುವುದುಂಟು. ಅದು ಪ್ರಯಾಣ ಆಚೀಚೆಯಾದರೆ ಅನುಕೂಲವಾಗಲೆಂದು ಕೊಟ್ಟ ಸಡಿಲಿಕೆ. ಆ 15 ದಿನಗಳನ್ನು ವಾಸ್ತವ್ಯಕ್ಕೆ ಸೇರಿಸಿಕೊಳ್ಳುವಂತಿಲ್ಲ. 30 ದಿನ ಎಂದು ಬರೆದಿದ್ದರೆ 30 ದಿನಗಳೇ, ನಿಮ್ಮ 90ರ ಲೆಕ್ಕ ಎಷ್ಟೇ ಖಾಲಿಯಿದ್ದರೂ ಸರಿ.

ಹೊಸ ವೀಸಾ ಅಥವಾ ಹೊಸ ಪಾಸ್‌ಪೋರ್ಟ್ ಬಂದರೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆಯೇ?

ಇಲ್ಲ. ಲೆಕ್ಕ ವ್ಯಕ್ತಿಯದ್ದು, ಕಾಗದದ್ದಲ್ಲ. ಹಳೆಯ ಪಾಸ್‌ಪೋರ್ಟಿನಲ್ಲಿ ಹಿಂದಿನ ಪ್ರಯಾಣದ ಠಸ್ಸೆಗಳಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.

ನಡುವೆ ಸ್ವಿಟ್ಜರ್‌ಲ್ಯಾಂಡ್‌ಗೋ ಲಂಡನ್‌ಗೋ ಹೋಗಿಬಂದರೆ?

ಸ್ವಿಟ್ಜರ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್‌ನಲ್ಲಿದೆ, ಆದ್ದರಿಂದ ಅಲ್ಲಿನ ದಿನಗಳು ಸೇರುತ್ತವೆ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳೂ ಹಾಗೆಯೇ. ಈಗ ಒಟ್ಟು 29 ದೇಶಗಳಿದ್ದು, ಅಷ್ಟೂ ದೇಶಗಳಲ್ಲಿ ಕಳೆದ ದಿನಗಳನ್ನು ಒಟ್ಟಿಗೆ ಕೂಡಬೇಕು. ಕ್ರೊಯೇಷಿಯಾ 2023ರ ಜನವರಿಯಲ್ಲಿ ಸೇರಿತು. ರೊಮೇನಿಯಾ ಮತ್ತು ಬಲ್ಗೇರಿಯಾ 2025ರ ಜನವರಿ 1ರಿಂದ ಪೂರ್ತಿಯಾಗಿ ಸೇರಿದವು. ಹಳೆಯ ಪಟ್ಟಿ ನೋಡಿ ಆ ದೇಶಗಳಿಗೆ ಹೋದರೆ ದಿನ ಉಳಿಯುತ್ತದೆ ಎಂದು ತಿಳಿಯುವುದು ಅಪಾಯ. ಬ್ರಿಟನ್, ಐರ್ಲೆಂಡ್, ಸೈಪ್ರಸ್‌ಗಳು ಹೊರಗಿವೆ; ಬ್ರಿಟನ್, ಐರ್ಲೆಂಡ್‌ಗಳಿಗೆ ಪ್ರತ್ಯೇಕ ವೀಸಾ ಬೇಕು, ಮತ್ತು ಈ ಮೂರೂ ದೇಶಗಳಲ್ಲಿ ಕಳೆದ ದಿನಗಳು ಇಲ್ಲಿ ಸೇರುವುದಿಲ್ಲ. ಆದರೆ ಲಂಡನ್ನಿಗೆ ಹೊರಟ ದಿನ ಮತ್ತು ಮರಳಿದ ದಿನ ಎರಡೂ ಷೆಂಗೆನ್ ದಿನಗಳಾಗಿಯೇ ಲೆಕ್ಕವಾಗುವುದರಿಂದ ನಾಲ್ಕು ದಿನದ ಪ್ರವಾಸಕ್ಕೆ ಉಳಿಯುವುದು ಎರಡೇ ದಿನ. ಮರಳಿ ಒಳಗೆ ಬರಲು ವೀಸಾದಲ್ಲಿ ಎಷ್ಟು ಸಲವಾದರೂ ಪ್ರವೇಶಿಸಬಹುದು ಎಂಬರ್ಥದ 'ಮಲ್ಟ್' ಎಂದಿರಬೇಕು ಅಥವಾ ಇನ್ನೊಂದು ಪ್ರವೇಶ ಉಳಿದಿರಬೇಕು.

ಮೊದಲು ಅಲ್ಲಿ ಓದುತ್ತಿದ್ದೆ ಅಥವಾ ಕೆಲಸದಲ್ಲಿದ್ದೆ. ಆ ದಿನಗಳೂ ಸೇರುತ್ತವೆಯೇ?

ನಿವಾಸ ಪರವಾನಗಿಯ ಮೇಲೆ ಅಥವಾ ದೀರ್ಘಾವಧಿಯ ಡಿ ವೀಸಾದ ಮೇಲೆ ಕಾನೂನಿನಂತೆ ಕಳೆದ ದಿನಗಳು ಈ 90ರಲ್ಲಿ ಸೇರುವುದಿಲ್ಲ. ಅದನ್ನು ತೋರಿಸುವ ಕಾರ್ಡಿನ ಪ್ರತಿ ನಿಮ್ಮ ಬಳಿ ಇರಬೇಕು.

ತೆರಿಗೆಗೆ ಹೇಳುವ 182 ದಿನಗಳೂ ಇದೂ ಒಂದೇ ಅಲ್ಲವೇ?

ಅಲ್ಲ. ಆ 182 ದಿನಗಳು ಭಾರತದ ಆದಾಯ ತೆರಿಗೆಯಲ್ಲಿ ಒಬ್ಬರು ಭಾರತದ ನಿವಾಸಿಯೇ ಎಂದು ತೀರ್ಮಾನಿಸಲು ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ ಭಾರತದೊಳಗೆ ಕಳೆದ ದಿನಗಳು. ಅದರ ಅವಧಿ ಸರಿಯುವುದಿಲ್ಲ, ಎಣಿಸುವ ದೇಶವೂ ಬೇರೆ.

ನಾವು ಎಷ್ಟು ದಿನ ಇದ್ದೆವು ಎಂದು ಗಡಿಯ ಅಧಿಕಾರಿಗೆ ಹೇಗೆ ತಿಳಿಯುತ್ತದೆ?

ಹಿಂದೆ ಪಾಸ್‌ಪೋರ್ಟಿನ ಠಸ್ಸೆಗಳೇ ಆಧಾರವಾಗಿದ್ದವು. ಪ್ರವೇಶದ ಠಸ್ಸೆಯಲ್ಲಿ ಬಾಣದ ಗುರುತು ಒಳಮುಖವಾಗಿಯೂ ನಿರ್ಗಮನದ ಠಸ್ಸೆಯಲ್ಲಿ ಹೊರಮುಖವಾಗಿಯೂ ಇರುತ್ತದೆ. ತಾರೀಖಿನಲ್ಲಿ ದಿನ, ತಿಂಗಳು, ವರ್ಷ ಈ ಕ್ರಮವಿರುತ್ತದೆ. 2025ರ ಅಕ್ಟೋಬರ್ 12ರಿಂದ ಪ್ರವೇಶ ನಿರ್ಗಮನಗಳನ್ನು ದಾಖಲಿಸುವ ವಿದ್ಯುನ್ಮಾನ ವ್ಯವಸ್ಥೆಯೊಂದನ್ನು ಹಂತ ಹಂತವಾಗಿ ಜಾರಿಗೆ ತರಲಾಗಿದೆ. ಅದು ಬೆರಳಚ್ಚು ಮತ್ತು ಮುಖದ ಚಿತ್ರವನ್ನು ಪಡೆದು, ಠಸ್ಸೆಯ ಬದಲು ತಾರೀಖನ್ನು ಗಣಕದಲ್ಲಿ ದಾಖಲಿಸುತ್ತದೆ, ಮತ್ತು ದಿನ ಮೀರಿದವರನ್ನು ತಾನಾಗಿಯೇ ಗುರುತಿಸುತ್ತದೆ. ಠಸ್ಸೆ ಮಸುಕಾಗಿದೆ, ಯಾರೂ ಎಣಿಸಲಾರರು ಎಂಬ ಧೈರ್ಯಕ್ಕೆ ಇನ್ನು ಆಸ್ಪದವಿಲ್ಲ.

ಹಳೆಯ ಪ್ರಯಾಣದ ಠಸ್ಸೆ ಹೊಸ ವ್ಯವಸ್ಥೆಯಲ್ಲಿ ಇಲ್ಲದಿರಬಹುದು, ಅಥವಾ ನಿರ್ಗಮನದ ದಾಖಲೆ ಎಲ್ಲೋ ತಪ್ಪಿಹೋಗಿರಬಹುದು. ನಿರ್ಗಮನ ಕಾಣದಿದ್ದರೆ ನೀವು ಹೊರಬಂದೇ ಇಲ್ಲವೆಂದು ತೋರುತ್ತದೆ. ಆದ್ದರಿಂದ ಮರಳಿ ಬಂದ ಬೋರ್ಡಿಂಗ್ ಪಾಸನ್ನು ಬಿಸಾಡದೆ ಇಟ್ಟುಕೊಳ್ಳಿ. ಹೈದರಾಬಾದಿನಲ್ಲಿ ಪಾಸ್‌ಪೋರ್ಟಿನ ಮೇಲೆ ಬೀಳುವ ಭಾರತದ ಆಗಮನದ ಠಸ್ಸೆಯೂ ನೀವು ಅಂದು ಹೊರಗಿದ್ದಿರಿ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಆಗಸ್ಟ್ 20ರ ಉದಾಹರಣೆಯಂತೆ ಒಳಗೆ ಹೋಗುವ ದಿನ ಅಧಿಕಾರಿಯ ಕಣ್ಣಿಗೆ 30 ದಿನ ಮಾತ್ರ ಉಳಿದಂತೆ ಕಂಡು, ನಿಮ್ಮ ಮರಳುವ ಟಿಕೆಟ್ ನವೆಂಬರ್‌ನದ್ದಾಗಿದ್ದರೆ ಅವರು ಪ್ರಶ್ನಿಸಬಹುದು. ಲೆಕ್ಕದ ಒಂದು ಪುಟವನ್ನು ಇಂಗ್ಲಿಷಿನಲ್ಲಿ ಮುದ್ರಿಸಿ ಕೈಚೀಲದಲ್ಲಿಟ್ಟುಕೊಂಡರೆ, ಭಾಷೆ ಬಾರದ ಹಿರಿಯರು ಅದನ್ನು ಮುಂದೆ ಚಾಚಿದರೆ ಸಾಕು.

ಕೊನೆಯ ಗಳಿಗೆಯಲ್ಲಿ ಆಸ್ಪತ್ರೆಗೆ ಸೇರಬೇಕಾಯಿತು ಅಥವಾ ವಿಮಾನ ರದ್ದಾಯಿತು. ಆಗ?

ತಾವಾಗಿಯೇ ದಿನಗಳನ್ನು ಮೀರಿ, ಆಮೇಲೆ ಕಾರಣ ಹೇಳುವುದು ಸರಿಯಾದ ದಾರಿಯಲ್ಲ. 90 ತುಂಬುವ ಮೊದಲೇ, ವೀಸಾ ಇನ್ನೂ ಜೀವಂತವಾಗಿರುವಾಗ, ನೀವಿರುವ ಊರಿನ ವಿದೇಶಿಯರ ಕಚೇರಿಗೆ ಹೋಗಿ ವಿಸ್ತರಣೆ ಕೇಳಬೇಕು. ತಡೆಯಲಾಗದ ಘಟನೆ ಅಥವಾ ಮಾನವೀಯ ಕಾರಣವಿದ್ದು ಅದಕ್ಕೆ ದಾಖಲೆಯಿದ್ದರೆ ವಿಸ್ತರಣೆಯನ್ನು ಶುಲ್ಕವಿಲ್ಲದೆ ಕೊಡಬೇಕೆಂದು ವೀಸಾ ಸಂಹಿತೆಯ 33ನೇ ವಿಧಿ ಹೇಳುತ್ತದೆ. ಗಂಭೀರವಾದ ವೈಯಕ್ತಿಕ ಕಾರಣಗಳಿಗೆ 30 ಯೂರೋ ಶುಲ್ಕದ ಮೇಲೆ ಕೊಡಬಹುದು. ವೈದ್ಯರ ಪತ್ರದಲ್ಲಿ ಪ್ರಯಾಣ ಮಾಡಬಾರದು ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ, ಕಾಯಿಲೆಯ ಹೆಸರಷ್ಟೇ ಸಾಲದು. ಮೊಮ್ಮಗುವಿಗೆ ಜ್ವರ, ಮಗಳಿಗೆ ಇನ್ನೊಂದು ವಾರ ನೆರವು ಬೇಕು ಎಂಬಂಥ ಕಾರಣಗಳು ನಮಗೆ ಎಷ್ಟೇ ದೊಡ್ಡವಾದರೂ ಅಲ್ಲಿ ಒಪ್ಪಿಗೆಯಾಗುವ ಭರವಸೆಯಿಲ್ಲ.

ವಿಸ್ತರಣೆ ಇಲ್ಲದೆ ಮೀರಿದರೆ, ಒಂದು ದಿನವಾದರೂ ಅದು ಮೀರಿಕೆಯೇ. ದಂಡ, ಮುಂದಿನ ವೀಸಾದ ನಿರಾಕರಣೆ, ಗಂಭೀರ ಸಂದರ್ಭದಲ್ಲಿ ಪ್ರವೇಶ ನಿಷೇಧ, ಇವುಗಳಲ್ಲಿ ಯಾವುದೆಂಬುದು ದೇಶವನ್ನೂ ಮೀರಿದ ದಿನಗಳನ್ನೂ ಅನುಸರಿಸಿ ಬದಲಾಗುತ್ತದೆ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಇನ್ನೊಂದು ಕಾರಣವೂ ಇದೆ: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ನಿಯಮದಂತೆ ಬಳಸಿದವರಿಗೆ ಎರಡು ವರ್ಷಗಳ ವೀಸಾ, ಆಮೇಲೆ ಸಾಮಾನ್ಯವಾಗಿ ಐದು ವರ್ಷಗಳದ್ದು ದೊರೆಯುವ ವ್ಯವಸ್ಥೆ ಆಗ ಬಂದಿತು. 'ನಿಯಮದಂತೆ ಬಳಸಿದ' ಎಂಬ ಮಾತು ಒಂದು ದಿನ ಮೀರಿದರೂ ಕೆಡುತ್ತದೆ.

ಹಾಗಾದರೆ ಎಷ್ಟು ದಿನಗಳ ಟಿಕೆಟ್ ತೆಗೆಸುವುದು ಒಳ್ಳೆಯದು?

ಲೆಕ್ಕದಲ್ಲಿ 90 ಬಂದರೆ 85ರ ಆಸುಪಾಸಿನಲ್ಲಿ ಮರಳುವ ಟಿಕೆಟ್ ತೆಗೆಸಿ. ಒಂದು ವಿಮಾನ ರದ್ದಾಗಿ ಮುಂದಿನದರಲ್ಲಿ ಜಾಗ ಸಿಗಲು ಎರಡು ಮೂರು ದಿನ ಹಿಡಿಯುವುದುಂಟು, ಮತ್ತು ಎಣಿಕೆಯಲ್ಲಿ ಒಂದು ದಿನ ತಪ್ಪಿದ್ದರೆ ಅದೂ ಇದರಲ್ಲೇ ಮುಚ್ಚಿಹೋಗುತ್ತದೆ. ಅದೇ ಬಗೆಯಲ್ಲಿ, 90 ದಿನ ಹೊರಗಿದ್ದು ಮತ್ತೆ ಹೋಗುವವರು 91ನೇ ದಿನಕ್ಕೇ ತಲುಪುವ ಟಿಕೆಟ್ ಬದಲು 93 ಅಥವಾ 94ನೇ ದಿನದ್ದನ್ನು ತೆಗೆಸಲಿ. ಮೇಲಿನ ದಂಪತಿಗೆ ನಾನಾಗಿದ್ದರೆ ಆಗಸ್ಟ್ 12ರ ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ನವೆಂಬರ್ 4ರಂದು ಹೊರಡುವಂತೆ ಹೇಳುತ್ತಿದ್ದೆ. ಅದು 85 ದಿನಗಳು.